ಎರಡನೆಯ ಟ್ರಾನ್ಸಿಷನ್ ಬಂದ ಕೂಡಲೇ ಮೊಣಕಾಲು ಜಿಗಿಯುತ್ತದೆ: ಇನರ್ಷಿಯಲೈಸೇಷನ್‌ನಲ್ಲಿ ನನ್ನ ತಪ್ಪೆಲ್ಲಿದೆ?

ಚೈತ್ರಾ

ನಾವು ಇಬ್ಬರೇ ಸೇರಿ ಬರೆಯುತ್ತಿರುವ ಸಣ್ಣ ಎಂಜಿನ್‌ನಲ್ಲಿ ಇಲ್ಲಿಯವರೆಗೆ ಮಾಮೂಲಿ ಕ್ರಾಸ್‌ಫೇಡ್ ಇತ್ತು. ಓಟದಿಂದ ನಿಲುಗಡೆಗೆ 0.2 ಸೆಕೆಂಡಿನ ಬ್ಲೆಂಡ್ ಎಂದರೆ 60 ಫ್ರೇಮ್ ದರದಲ್ಲಿ 12 ಫ್ರೇಮ್‌ಗಳ ಕಾಲ ಎರಡೂ ಕ್ಲಿಪ್‌ಗಳನ್ನು ಡಿಕಂಪ್ರೆಸ್ ಮಾಡಬೇಕು. ಬ್ಲೆಂಡ್ ಮುಗಿಯುವ ಮೊದಲೇ ಆಟಗಾರ ಮತ್ತೊಂದು ಗುಂಡಿ ಒತ್ತಿದರೆ ಮೂರು ಕ್ಲಿಪ್‌ಗಳು. ದೃಶ್ಯದಲ್ಲಿ 40 ಪಾತ್ರಗಳಿದ್ದಾಗ ಈ ಹೊರೆ ಚೆನ್ನಾಗಿಯೇ ಕಾಣಿಸುತ್ತಿತ್ತು. ಹಾಗಾಗಿ ಇನರ್ಷಿಯಲೈಸೇಷನ್‌ಗೆ ಬಂದೆವು: ಹಳೆಯ ಕ್ಲಿಪ್ಪನ್ನು ಆ ಕ್ಷಣವೇ ಕೈಬಿಟ್ಟು, ಹಳೆಯ ಭಂಗಿಗೂ ಹೊಸ ಭಂಗಿಗೂ ಇರುವ ಅಂತರವನ್ನು ಮಾತ್ರ ಪ್ರತಿ ಕೀಲಿಗೂ ಉಳಿಸಿಕೊಂಡು, ಆ ಅಂತರವನ್ನು ಕ್ರಮೇಣ ಸೊನ್ನೆಗೆ ಇಳಿಸುವುದು.

ಓಟದಿಂದ ನಿಲುಗಡೆಗೆ ಹೋಗುವಾಗ ಫಲಿತಾಂಶ ಕ್ರಾಸ್‌ಫೇಡ್‌ಗಿಂತ ಚೆನ್ನಾಗಿದೆ. ಆದರೆ ನಿಲುಗಡೆ ಶುರುವಾಗಿ ಎರಡು ಮೂರು ಫ್ರೇಮ್‌ಗಳಲ್ಲೇ ತಿರುಗುವ ಕ್ಲಿಪ್ ಬಂದರೆ ಮೊಣಕಾಲು ಒಂದೇ ಫ್ರೇಮ್‌ನಲ್ಲಿ ಟಕ್ಕನೆ ಮೇಲಕ್ಕೆ ಜಿಗಿಯುತ್ತದೆ. ಸಾವಕಾಶವಾಗಿ ಒತ್ತಿದರೆ ಏನೂ ಆಗುವುದಿಲ್ಲ. ಕೋಡ್ ಹೀಗಿದೆ:

```
// ಟ್ರಾನ್ಸಿಷನ್ ಕ್ಷಣದಲ್ಲಿ
off_x = off_x + (prev_out_x - dst_x);
off_v = off_v + (prev_out_v - dst_v);

// ಪ್ರತಿ ಫ್ರೇಮ್‌ನಲ್ಲಿ
y = 2.0 * ln(2) / halflife;
j = off_v + off_x * y;
e = exp(-y * dt);
off_x = e * (off_x + j * dt);
off_v = e * (off_v - j * y * dt);
out_x = dst_x + off_x;
```

`halflife` 0.1. ಇಲ್ಲಿ ತೋರಿಸಿರುವುದು ಒಂದೇ ಕೋನದ ರೂಪ. ನಿಜವಾದ ಕೋಡ್‌ನಲ್ಲಿ ಇವು ಕ್ವಾಟರ್ನಿಯನ್‌ಗಳು.

ಗಿರೀಶ್

ಇದು ವೇಗದ ತೊಂದರೆ. ನಮ್ಮಲ್ಲಿಯೂ ಹೀಗೆ ಕೈಕಾಲುಗಳು ಹಾರಾಡುತ್ತಿದ್ದವು. `off_v` ಅನ್ನು ಟ್ರಾನ್ಸಿಷನ್ ಕ್ಷಣದಲ್ಲಿ ಸೊನ್ನೆ ಮಾಡಿಬಿಡಿ, ಎಲ್ಲವೂ ಸರಿಹೋಗುತ್ತದೆ. ಎರಡು ವರ್ಷದಿಂದ ನಾವು ಹಾಗೆಯೇ ನಡೆಸುತ್ತಿದ್ದೇವೆ, ಯಾರೂ ದೂರು ಹೇಳಿಲ್ಲ.

ಮುಕುಂದ

ಚೈತ್ರಾ ಅವರೇ, ವೇಗಕ್ಕೆ ಕೈ ಹಾಕುವ ಮೊದಲು ಎರಡು ವಿಷಯ ತಿಳಿಸಿ. `prev_out_x` ಎಲ್ಲಿಂದ ಬರುತ್ತಿದೆ? ಹಳೆಯ ಕ್ಲಿಪ್‌ನ ಬರಿಯ ಭಂಗಿಯೋ, ಅಥವಾ ಹಿಂದಿನ ಫ್ರೇಮ್‌ನಲ್ಲಿ ಪರದೆಯ ಮೇಲೆ ಕಂಡ ಅಂತಿಮ ಭಂಗಿಯೋ? ಮತ್ತೆ, ಆ ಮೊಣಕಾಲಿನ ಕೋನವನ್ನು ಫ್ರೇಮ್ ಫ್ರೇಮ್ ಆಗಿ ಬರೆದುಕೊಂಡು ಇಲ್ಲಿ ಹಾಕಲು ಸಾಧ್ಯವೇ? ವೇಗ ತಪ್ಪಾಗಿದ್ದರೆ ಕಾಲು ಜಿಗಿಯುವುದಿಲ್ಲ, ಬೀಸುತ್ತದೆ. ನೀವು ಹೇಳುತ್ತಿರುವುದು ಒಂದೇ ಫ್ರೇಮ್‌ನ ಜಿಗಿತ. ಸ್ಥಾನವೇ ತಪ್ಪಾಗದೆ ಹಾಗೆ ಜಿಗಿಯಲು ದಾರಿಯಿಲ್ಲ.

ಚೈತ್ರಾ

ಅಂತಿಮ ಭಂಗಿಯಿಂದ. ಹಿಂದಿನ ಎರಡು ಫ್ರೇಮ್‌ಗಳ ಔಟ್‌ಪುಟ್ ಉಳಿಸಿಕೊಂಡು, ಅವುಗಳ ವ್ಯತ್ಯಾಸದಿಂದ ವೇಗ ತೆಗೆಯುತ್ತೇನೆ.

ಅಳತೆಗಾಗಿ ಸರಳ ಪ್ರಯೋಗವೊಂದನ್ನು ಮಾಡಿದೆ. ನಿಲುಗಡೆ ಕ್ಲಿಪ್‌ನಲ್ಲಿ ಮೊಣಕಾಲು 30 ಡಿಗ್ರಿಯಲ್ಲಿ ಸ್ಥಿರ, ತಿರುಗುವ ಕ್ಲಿಪ್‌ನಲ್ಲಿ 20 ಡಿಗ್ರಿಯಲ್ಲಿ ಸ್ಥಿರ. ಓಟ 70 ಡಿಗ್ರಿಯಲ್ಲಿದ್ದಾಗ ನಿಲುಗಡೆಗೆ ಬದಲಾಯಿಸಿದೆ, ಆರಂಭದ ವೇಗ ಸೊನ್ನೆ. ಮೂರು ಫ್ರೇಮ್ ಆದ ಮೇಲೆ, ಅಂದರೆ 0.05 ಸೆಕೆಂಡಿನಲ್ಲಿ, ಔಟ್‌ಪುಟ್ 63.9. ಆಗ ತಿರುಗುವ ಕ್ಲಿಪ್ ಕೊಟ್ಟೆ. ಟ್ರಾನ್ಸಿಷನ್ ಲೆಕ್ಕ ಮುಗಿದ ಕ್ಷಣದ ಔಟ್‌ಪುಟ್ 97.7.

ಮುಕುಂದ

ಈ ಅಂಕಿಗಳೇ ಉತ್ತರ ಹೇಳುತ್ತಿವೆ. 97.7ರಿಂದ 63.9 ಕಳೆದರೆ 33.8. ಈಗ ಮೊದಲ ಟ್ರಾನ್ಸಿಷನ್‌ನಲ್ಲಿ ಇನ್ನೂ ಉಳಿದಿದ್ದ ಅಂತರ ಎಷ್ಟು ನೋಡಿ: ಔಟ್‌ಪುಟ್ 63.9, ಕ್ಲಿಪ್ 30, ಆದ್ದರಿಂದ 33.9. ಜಿಗಿತವೂ ಹಳೆಯ ಬಾಕಿಯೂ ಒಂದೇ. ಹಳೆಯ ಬಾಕಿಯನ್ನು ನೀವು ಎರಡು ಸಲ ಸೇರಿಸುತ್ತಿದ್ದೀರಿ.

ಇದನ್ನು ಬರೆಯಲು ಎರಡು ರೀತಿಗಳಿವೆ, ಎರಡೂ ಸರಿಯಾದವು. ಮೊದಲನೆಯದರಲ್ಲಿ ಹಳೆಯ ಕ್ಲಿಪ್‌ನ ಬರಿಯ ಭಂಗಿಯನ್ನು ತೆಗೆದುಕೊಳ್ಳುತ್ತೇವೆ. ಪರದೆಯಲ್ಲಿ ಕಾಣುತ್ತಿರುವುದು ಆ ಭಂಗಿ ಮತ್ತು ಹಳೆಯ ಬಾಕಿ ಎರಡೂ ಸೇರಿದ್ದು. ಆದ್ದರಿಂದ ಹೊಸ ಅಂತರಕ್ಕೆ `off_x` ಅನ್ನು ಕೂಡಿಸಲೇಬೇಕು. ಎರಡನೆಯದರಲ್ಲಿ ಪರದೆಯಲ್ಲಿ ಕಂಡದ್ದನ್ನೇ ತೆಗೆದುಕೊಳ್ಳುತ್ತೇವೆ. ಹಳೆಯ ಬಾಕಿ ಅದರೊಳಗೆ ಆಗಲೇ ಇದೆ. ಅಲ್ಲಿ ಕೂಡಿಸಬಾರದು:

```
off_x = prev_out_x - dst_x;   // 63.9 - 20 = 43.9
off_v = prev_out_v - dst_v;
```

ನೀವು ಮೊದಲನೆಯದರ ಸೂತ್ರಕ್ಕೆ ಎರಡನೆಯದರ ಭಂಗಿಯನ್ನು ಕೊಟ್ಟಿದ್ದೀರಿ. ಒಂದೇ ಟ್ರಾನ್ಸಿಷನ್ ಇರುವಾಗ ಹಳೆಯ ಬಾಕಿ ಸೊನ್ನೆ, ಹಾಗಾಗಿ ತಪ್ಪು ಕಾಣುವುದಿಲ್ಲ. ಸಾವಕಾಶವಾಗಿ ಒತ್ತಿದಾಗಲೂ ಬಾಕಿ ಕರಗಿಹೋಗಿರುತ್ತದೆ. ಬೇಗ ಒತ್ತಿದಾಗ ಮಾತ್ರ ಹೊರಬೀಳುತ್ತದೆ. ವೇಗವೂ ಎರಡರಷ್ಟಾಗುತ್ತಿದೆ: ನಿಮ್ಮ ಪ್ರಯೋಗದಲ್ಲಿ ಅದು ಸೆಕೆಂಡಿಗೆ ಸುಮಾರು -192 ಡಿಗ್ರಿ ಇರಬೇಕಾದಲ್ಲಿ -384ರ ಆಸುಪಾಸಿನಲ್ಲಿರುತ್ತದೆ.

ನಾನು ಎರಡನೆಯ ರೀತಿಯನ್ನೇ ಆರಿಸಿಕೊಳ್ಳುತ್ತೇನೆ. ಹಳೆಯ ಕ್ಲಿಪ್ಪನ್ನು ಟ್ರಾನ್ಸಿಷನ್ ಫ್ರೇಮ್‌ನಲ್ಲಿಯೂ ಮುಟ್ಟಬೇಕಾಗಿಲ್ಲ, ಮೆಮೊರಿಯಿಂದ ಆಗಲೇ ತೆಗೆದಿದ್ದರೂ ನಡೆಯುತ್ತದೆ. ಹಿಂದಿನ ಭಂಗಿ ಕ್ಲಿಪ್‌ನಿಂದ ಬಂದಿತೋ ರ‍್ಯಾಗ್‌ಡಾಲ್‌ನಿಂದ ಬಂದಿತೋ ಎಂಬುದನ್ನೂ ಅದು ಕೇಳುವುದಿಲ್ಲ.

ಗಿರೀಶ್ ಅವರ ಮಾತಿಗೆ: ವೇಗವನ್ನು ಸೊನ್ನೆ ಮಾಡಿದ್ದರೂ ಈ ಜಿಗಿತ ಹಾಗೆಯೇ ಉಳಿಯುತ್ತಿತ್ತು.

ಚೈತ್ರಾ

`off_x +` ತೆಗೆದೆ, ಜಿಗಿತ ಹೋಯಿತು. ಮೂರು ದಿನದಿಂದ ಕ್ವಾಟರ್ನಿಯನ್ ಗುಣಾಕಾರದ ಕ್ರಮವನ್ನು ಅತ್ತಿತ್ತ ಮಾಡುತ್ತಾ ಕುಳಿತಿದ್ದೆ! ಬಹಳ ಉಪಕಾರವಾಯಿತು.

ಇನ್ನೊಂದು ಸಣ್ಣ ಸಂದೇಹ. `halflife` 0.1 ಎಂದು ಕೊಟ್ಟರೆ 0.1 ಸೆಕೆಂಡಿನಲ್ಲಿ ಅಂತರ ಅರ್ಧಕ್ಕೆ ಇಳಿಯಬೇಕಲ್ಲವೇ? ನನಗೆ ಸುಮಾರು 60 ಶೇಕಡಾ ಉಳಿಯುತ್ತಿದೆ.

ಮುಕುಂದ

ನಿಮ್ಮ ಲೆಕ್ಕ ಸರಿ, ಹೆಸರು ಮಾತ್ರ ಸಡಿಲ. ಬರಿಯ ಘಾತೀಯ ಇಳಿಕೆಗೆ ಆ ಹೆಸರು ನಿಖರವಾಗಿ ಹೊಂದುತ್ತದೆ. ಈ ಸ್ಪ್ರಿಂಗ್ ಆರಂಭದ ವೇಗವನ್ನು ಗೌರವಿಸಬೇಕಾದ್ದರಿಂದ ನಿಧಾನವಾಗಿ ಹೊರಡುತ್ತದೆ. ಸೊನ್ನೆ ವೇಗದಿಂದ ಹೊರಟರೆ ಅರ್ಧಕ್ಕೆ ಬರಲು 0.12 ಸೆಕೆಂಡು ಹಿಡಿಯುತ್ತದೆ. ಅಭಿನಯ ನೋಡಿ ಹೊಂದಿಸಿಕೊಳ್ಳುವ ಸಂಖ್ಯೆ ಎಂದು ಇಟ್ಟುಕೊಳ್ಳಿ.

ನಫೀಸಾ

ನಾನು ಇದನ್ನು ಓದಿ ಖುಷಿಯಿಂದ ನಮ್ಮ ನಡಿಗೆ ಮತ್ತು ಓಟದ ಬ್ಲೆಂಡ್‌ಗೂ ಹಾಕಲು ಹೊರಟಿದ್ದೇನೆ. ಪಾತ್ರದ ವೇಗಕ್ಕೆ ತಕ್ಕಂತೆ ಎರಡು ಕ್ಲಿಪ್‌ಗಳು ಬೆರೆಯುತ್ತವೆ, ಇಡೀ ಆಟದ ಉದ್ದಕ್ಕೂ ಎರಡೂ ಓಡುತ್ತಿರುತ್ತವೆ. ಇನರ್ಷಿಯಲೈಸೇಷನ್ ಹಾಕಿದರೆ ಅಲ್ಲಿಯೂ ಒಂದೇ ಕ್ಲಿಪ್ ಸಾಕಾಗುತ್ತದೆ, ಅಲ್ಲವೇ?

ಮುಕುಂದ

ಸಾಕಾಗುವುದಿಲ್ಲ, ನಫೀಸಾ ಅವರೇ. ಅಲ್ಲಿ ನಿಮಗೆ ಬೇಕಿರುವುದು ನಡಿಗೆಗೂ ಓಟಕ್ಕೂ ನಡುವಿನ ಒಂದು ಚಲನೆ, ಅದೂ ಎಷ್ಟು ಹೊತ್ತು ಬೇಕಾದರೂ ನಿಲ್ಲಬೇಕಾದದ್ದು. ಅದು ಎರಡು ಕ್ಲಿಪ್‌ಗಳ ಮಿಶ್ರಣದಿಂದಲೇ ಹುಟ್ಟಬೇಕು. ಇಲ್ಲಿ ಅಂತರ ಎನ್ನುವುದು ಕರಗಿಹೋಗುವ ಬಾಕಿ. ಕರಗಿದ ಮೇಲೆ ಉಳಿಯುವುದು ಹೊಸ ಕ್ಲಿಪ್ ಮಾತ್ರ. ನಿಮ್ಮ ನಡಿಗೆ–ಓಟದ ಮಿಶ್ರಣ ಹಾಗೆಯೇ ಇರಲಿ. ಅದರಿಂದ ಜಿಗಿತದ ಕ್ಲಿಪ್‌ಗೆ ಹೋಗುವಾಗ ಇದು ನೆರವಾಗುತ್ತದೆ: ಆಗ ಮೂರು ಕ್ಲಿಪ್‌ಗಳ ಬದಲು ಜಿಗಿತ ಒಂದೇ ಓಡುತ್ತದೆ.

ಸುಹಾಸ್

ನನ್ನದೂ ಒಂದು ಇದೆ. ಭುಜ ಮಾತ್ರ, ಅದೂ ಕೆಲವು ಸಲ ಮಾತ್ರ, ಟ್ರಾನ್ಸಿಷನ್ ಆದಾಗ ಇಡೀ ಸುತ್ತು ಹೊಡೆದು ಬರುತ್ತದೆ. ಜಿಗಿತವಿಲ್ಲ, ಆರಂಭವೂ ಕೊನೆಯೂ ಸರಿ. ನಡುವೆ ತೋಳು ಗಾಳಿಯಂತ್ರದಂತೆ ತಿರುಗುತ್ತದೆ.

ಮುಕುಂದ

ಅಂತರದ ಕ್ವಾಟರ್ನಿಯನ್‌ನ `w` ಋಣವಾಗಿದೆಯೇ ನೋಡಿ. `q` ಮತ್ತು `-q` ಎರಡೂ ಒಂದೇ ತಿರುವು, ಆದರೆ ಅಕ್ಷ ಮತ್ತು ಕೋನಕ್ಕೆ ಬದಲಾಯಿಸುವಾಗ ಒಂದು 30 ಡಿಗ್ರಿ ಎನ್ನುತ್ತದೆ, ಇನ್ನೊಂದು ಎದುರು ದಿಕ್ಕಿನಲ್ಲಿ 330 ಎನ್ನುತ್ತದೆ. ನಿಮ್ಮ ಸ್ಪ್ರಿಂಗ್ ಆ 330 ಅನ್ನು ಪ್ರಾಮಾಣಿಕವಾಗಿ ಇಳಿಸುತ್ತಿದೆ. `w < 0` ಇದ್ದರೆ ನಾಲ್ಕೂ ಅಂಶಗಳ ಚಿಹ್ನೆ ಬದಲಿಸಿ, ಆಮೇಲೆ ಕೋನ ತೆಗೆಯಿರಿ. ವೇಗ ತೆಗೆಯುವಾಗಲೂ ಹಾಗೆಯೇ.

ಸುಹಾಸ್

ವೇಗದ ಕಡೆ ಮಾಡಿದ್ದೆ, ಅಂತರದ ಕಡೆ ಬಿಟ್ಟಿದ್ದೆ. ಸರಿಹೋಯಿತು.

ಗಿರೀಶ್

ಸೊನ್ನೆ ವೇಗದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಅದನ್ನು ಸುಲಭವಾಗಿ ತಳ್ಳಿಹಾಕಿದಿರಿ ಎನ್ನಿಸಿತು. ದಿ ಕೊಯಲಿಷನ್ ಸ್ಟುಡಿಯೋದ ಡೇವಿಡ್ ಬೊಲ್ಲೊ 2018ರ ಜಿಡಿಸಿಯಲ್ಲಿ ಈ ವಿಧಾನವನ್ನು ವಿವರಿಸಿದಾಗ ಸ್ಪ್ರಿಂಗ್ ಬಳಸಲಿಲ್ಲ, ಐದನೆಯ ಘಾತದ ಬಹುಪದಿ ಬಳಸಿದರು. ಅದರಲ್ಲಿ ಅಂತರವನ್ನು ಹೆಚ್ಚಿಸುವ ದಿಕ್ಕಿನ ವೇಗವಿದ್ದರೆ ಸೊನ್ನೆಯೇ ಮಾಡುತ್ತಾರೆ. ಹಾಗಾದರೆ ನಾನು ಹೇಳಿದ್ದು ತಪ್ಪು ಹೇಗೆ?

ಮುಕುಂದ

ಅರ್ಧ ತಪ್ಪಲ್ಲ, ಆ ಅರ್ಧವನ್ನು ಮೊದಲೇ ಒಪ್ಪಿಕೊಳ್ಳಬೇಕಿತ್ತು. ಅಂತರ ಹೆಚ್ಚಿಸುವ ವೇಗವನ್ನು ಕತ್ತರಿಸಿದರೆ ಕೈಕಾಲು ಗುರಿಯಿಂದ ಇನ್ನಷ್ಟು ದೂರ ಹೋಗುವುದು ತಪ್ಪುತ್ತದೆ. ಆದರೆ ಅಂತರವನ್ನು ಕಡಿಮೆ ಮಾಡುವ ದಿಕ್ಕಿನ ವೇಗವನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ, ಮತ್ತು ಅದಕ್ಕೆ ತಕ್ಕಂತೆ ಅವಧಿಯನ್ನೇ ಮೊಟಕುಗೊಳಿಸುತ್ತಾರೆ. ಅವಧಿ `-5*x0/v0` ಮೀರಬಾರದು. ಅಂತರ 40 ಡಿಗ್ರಿ, ವೇಗ ಸೆಕೆಂಡಿಗೆ -1000 ಡಿಗ್ರಿ ಇದ್ದರೆ ಮಿತಿ 0.2 ಸೆಕೆಂಡು. ನೀವು 0.3 ಕೇಳಿದ್ದರೂ 0.2ರಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಅಂತರ ಸೊನ್ನೆ ದಾಟಿ ಆಚೆ ಹೋಗಿ ಮರಳಿ ಬರುತ್ತಿತ್ತು.

ನೀವು ಎಲ್ಲ ವೇಗವನ್ನೂ ಸೊನ್ನೆ ಮಾಡುತ್ತಿದ್ದೀರಿ. ಆಗ ಕೀಲು ಆ ಕ್ಷಣವೇ ಹೊಸ ಕ್ಲಿಪ್‌ನ ವೇಗವನ್ನು ತೊಡುತ್ತದೆ. ಬೀಸುತ್ತಿದ್ದ ಕೈ ನಿಂತ ಭಂಗಿಗೆ ಹೋಗುವಾಗ ಕಾಣದ ಗೋಡೆಗೆ ತಗುಲಿದಂತೆ ತಟಸ್ಥವಾಗಿ, ಆಮೇಲೆ ಮತ್ತೆ ಹೊರಡುತ್ತದೆ. ಭಂಗಿ ಮುರಿಯುವುದಿಲ್ಲ, ಚಲನೆ ಮುರಿಯುತ್ತದೆ. ನಿಮ್ಮ ಕ್ಲಿಪ್‌ಗಳು ನಿಧಾನವಾಗಿದ್ದರೆ ಯಾರ ಕಣ್ಣಿಗೂ ಬಿದ್ದಿರಲಾರದು.

ಗಿರೀಶ್

ನಮ್ಮವು ಹೆಚ್ಚಾಗಿ ನಿಂತು ಮಾತನಾಡುವ ದೃಶ್ಯಗಳು, ನಿಜ. ಓಟದಲ್ಲಿ ಪರೀಕ್ಷಿಸಿ ನೋಡುತ್ತೇನೆ.

ಚೈತ್ರಾ

ಮತ್ತೆ ಬಂದೆ. ಜಿಗಿತ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಣಿಸಿತು, ಇದು ನಿಜವಾಗಿಯೂ ಬೀಸುವಿಕೆ. ಹೊಸ ಪ್ರದೇಶ ಲೋಡ್ ಆಗುವಾಗ ಒಂದು ಫ್ರೇಮ್ 100 ಮಿಲಿಸೆಕೆಂಡು ಹಿಡಿಯುತ್ತದೆ. ಅದರ ಮರುಕ್ಷಣವೇ ಓಟದಿಂದ ನಿಲುಗಡೆಗೆ ಬಂದರೆ ಮೊಣಕಾಲು ಹಿಂಬದಿಗೆ ಒದ್ದಂತೆ ಮಡಚಿಕೊಂಡು ಮರಳುತ್ತದೆ.

ಟ್ರಾನ್ಸಿಷನ್ ಕ್ಷಣದಲ್ಲಿ ಓಟದ ಮೊಣಕಾಲು 70 ಡಿಗ್ರಿ, ಕ್ಲಿಪ್ಪಿನ ಪ್ರಕಾರ ವೇಗ ಸೆಕೆಂಡಿಗೆ 240. ನಿಲುಗಡೆ ಕ್ಲಿಪ್ 30 ಡಿಗ್ರಿ, ವೇಗ 120. ಆದರೆ ಲಾಗ್‌ನಲ್ಲಿ `prev_out_v` 1440 ಎಂದಿದೆ.

ನಫೀಸಾ

1440 ಎಂದರೆ 240ರ ಸರಿಯಾಗಿ ಆರು ಪಟ್ಟು. 100 ಮಿಲಿಸೆಕೆಂಡೂ 60 ಫ್ರೇಮ್ ದರದ ಆರು ಫ್ರೇಮ್‌ಗಳು. ಭಂಗಿಗಳ ವ್ಯತ್ಯಾಸವನ್ನು ಎಲ್ಲಿಯಾದರೂ 1/60ರಿಂದಲೇ ಭಾಗಿಸುತ್ತಿದ್ದೀರಾ? ಕ್ಯಾಮೆರಾ ಹಿಂಬಾಲಿಕೆಯಲ್ಲಿ ನನಗೆ ಇದೇ ಆಗಿತ್ತು.

ಚೈತ್ರಾ

ಹೌದು! ಭಂಗಿ ಉಳಿಸುವ ಕಡೆ ಮಾತ್ರ ಸ್ಥಿರ `1.0/60.0` ಉಳಿದುಬಿಟ್ಟಿದೆ. ಆ ಉದ್ದ ಫ್ರೇಮ್‌ನಲ್ಲಿ ಮೊಣಕಾಲು 24 ಡಿಗ್ರಿ ಚಲಿಸಿದೆ, ಅದನ್ನು ಅರವತ್ತರಿಂದ ಗುಣಿಸಿದ್ದೇನೆ.

ಪರಿಣಾಮವನ್ನು ಕೈಯಲ್ಲೇ ಲೆಕ್ಕ ಹಾಕಿದೆ. ಸರಿಯಾದ ವೇಗವಿದ್ದರೆ ಅಂತರದ ವೇಗ 240 ಕಳೆ 120, ಅಂದರೆ 120. ಆಗ 40 ಡಿಗ್ರಿಯ ಅಂತರ ಕೂದಲೆಳೆಯಷ್ಟು ಏರಿ, 41 ಮುಟ್ಟದೆ ಇಳಿಯುತ್ತದೆ. ತಪ್ಪು ವೇಗದಲ್ಲಿ ಅಂತರದ ವೇಗ 1320. ಅಂತರ 0.05 ಸೆಕೆಂಡಿನಲ್ಲಿ 67ರ ತುದಿಗೆ ಹೋಗುತ್ತದೆ. ಅಷ್ಟರಲ್ಲಿ ಕ್ಲಿಪ್ 36ಕ್ಕೆ ಬಂದಿರುತ್ತದೆ. ಹೀಗಾಗಿ 73 ಡಿಗ್ರಿ ಇರಬೇಕಾದ ಮೊಣಕಾಲು 103 ಆಗುತ್ತದೆ. ನಾನು ಕಂಡ ಒದೆತ ಇದೇ.

ಮುಕುಂದ

ಸೊಗಸಾದ ಲೆಕ್ಕ, ನಫೀಸಾ ಅವರ ಗುರುತಿಸುವಿಕೆಯೂ. ಆಯಾ ಫ್ರೇಮ್‌ನ ನಿಜವಾದ `dt` ಅನ್ನು ಭಂಗಿಯ ಜೊತೆಗೇ ಉಳಿಸಿಡಿ. ಆದರೂ ಒಂದು ಎಚ್ಚರಿಕೆ ಉಳಿಯುತ್ತದೆ. 100 ಮಿಲಿಸೆಕೆಂಡಿನಲ್ಲಿ ಓಟದ ಕಾಲು ದಿಕ್ಕನ್ನೇ ಬದಲಿಸಿರಬಹುದು. ಆಗ ಸರಿಯಾದ ಭಾಗಾಕಾರವೂ ಸರಾಸರಿಯನ್ನು ಕೊಡುತ್ತದೆ, ಆ ಕ್ಷಣದ ವೇಗವನ್ನಲ್ಲ. ಪಾತ್ರವನ್ನು ಬೇರೆ ಜಾಗಕ್ಕೆ ಎತ್ತಿ ಇಟ್ಟ ಫ್ರೇಮ್‌ನಲ್ಲಿ ಬೇರು ಮೂಳೆಗೂ ಇದೇ ಪಾಡು. ಅಂಥ ಫ್ರೇಮ್‌ಗಳಲ್ಲಿ ವೇಗವನ್ನು ಸೊನ್ನೆ ಎಂದುಕೊಳ್ಳುವುದು ಸುರಕ್ಷಿತ. ಗಿರೀಶ್ ಅವರ ಸಲಹೆಗೆ ಇಲ್ಲಿ ಪೂರ್ತಿ ಜಾಗವಿದೆ.

ಸುಹಾಸ್

ಟ್ರಾನ್ಸಿಷನ್ ಫ್ರೇಮ್‌ನಲ್ಲಿ ಹಳೆಯ ಕ್ಲಿಪ್ಪನ್ನು ಎರಡು ಹತ್ತಿರದ ಸಮಯಗಳಲ್ಲಿ ಓದಿ ವೇಗ ತೆಗೆದರೆ? `dt` ಏನೇ ಇದ್ದರೂ ವೇಗ ನಿಖರವಾಗಿರುತ್ತದೆ.

ಮುಕುಂದ

ಮಾಡಬಹುದು. ಒಂದು ಫ್ರೇಮ್‌ನ ಮಟ್ಟಿಗೆ ಖರ್ಚು ಬರುತ್ತದೆ, 12 ಫ್ರೇಮ್‌ಗಳಿಗಲ್ಲ. ಆದರೆ ಅದು ಬರಿಯ ಕ್ಲಿಪ್‌ನ ವೇಗ. ಆಗ ನೀವು ಮೊದಲನೆಯ ರೀತಿಗೆ ಬಂದಂತೆ, ಹಳೆಯ ಬಾಕಿಯ ವೇಗವನ್ನು ಅದಕ್ಕೆ ಕೂಡಿಸಲೇಬೇಕು. ಇಲ್ಲದಿದ್ದರೆ ಚೈತ್ರಾ ಅವರ ಮೊದಲ ತಪ್ಪಿನ ತಿರುಗುಮುರುಗು ನಿಮ್ಮದಾಗುತ್ತದೆ.

ಚೈತ್ರಾ

`dt` ಸರಿಪಡಿಸಿದೆ, 50 ಮಿಲಿಸೆಕೆಂಡು ಮೀರಿದ ಫ್ರೇಮ್‌ಗಳಲ್ಲಿ ವೇಗ ಸೊನ್ನೆ. ಒದೆತ ನಿಂತಿದೆ.

ಇನ್ನು ಕೊನೆಯದು, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬಿದ್ದ ಪಾತ್ರ ಏಳುವಾಗ ನಮ್ಮ ಅನಿಮೇಟರ್ ಉದ್ದದ ಬ್ಲೆಂಡ್ ಕೇಳುತ್ತಾರೆ, ಹಾಗಾಗಿ `halflife` 0.25 ಇಟ್ಟೆ. ಮೊಣಕೈ ತನ್ನೊಳಗೇ ಹೊಕ್ಕಂತೆ ಮಡಚುತ್ತದೆ. ಮಲಗಿದ್ದಾಗ ಅದು 140 ಡಿಗ್ರಿ ಮಡಚಿದೆ, ಏಳುವ ಕ್ಲಿಪ್ 80ರಿಂದ ಶುರುವಾಗಿ 0.15 ಸೆಕೆಂಡಿನಲ್ಲಿ 120ಕ್ಕೆ ಮಡಚುತ್ತದೆ.

ಮುಕುಂದ

ಇದು ನಿಮ್ಮ ಕೋಡ್‌ನ ತಪ್ಪಲ್ಲ, ವಿಧಾನದ ಎಲ್ಲೆ. ಆರಂಭದ ಅಂತರ 60, ಅದರ ವೇಗ ಸೊನ್ನೆ ಎಂದುಕೊಳ್ಳೋಣ. 0.15 ಸೆಕೆಂಡು ಕಳೆದಾಗ ಅದರಲ್ಲಿ 48 ಇನ್ನೂ ಉಳಿದಿದೆ. ಕ್ಲಿಪ್ 120ರಲ್ಲಿದೆ. ಕೂಡಿದರೆ 168, ಯಾವ ಮೊಣಕೈಯೂ ಹೋಗದ ಜಾಗ. ಕ್ರಾಸ್‌ಫೇಡ್ ಆಗಿದ್ದರೆ ಆ ಕ್ಷಣದಲ್ಲಿ ಉತ್ತರ 120ಕ್ಕೂ 140ಕ್ಕೂ ನಡುವೆಯೇ ಇರುತ್ತಿತ್ತು. ಅಂತರವನ್ನು ಮೊದಲ ಫ್ರೇಮ್‌ನಲ್ಲಿ ಅಳೆದು, ಬೇರೆಯದೇ ಆಗಿಬಿಟ್ಟ ಭಂಗಿಯ ಮೇಲೆ ಹೇರುತ್ತಿದ್ದೇವೆ. ಬ್ಲೆಂಡ್ ಚಿಕ್ಕದಾಗಿದ್ದರೆ ಅಷ್ಟರೊಳಗೆ ಕ್ಲಿಪ್ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಬಚಾವ್.

ಉದ್ದದ ಬ್ಲೆಂಡ್‌ಗೆ ಡೇನಿಯಲ್ ಹೋಲ್ಡನ್ ಅವರ ಡೆಡ್ ಬ್ಲೆಂಡಿಂಗ್ ನೋಡಿ. ಅಲ್ಲಿ ಅಂತರವನ್ನು ಉಳಿಸುವುದಿಲ್ಲ. ಕೊನೆಯ ಭಂಗಿಯನ್ನೂ ವೇಗವನ್ನೂ ಉಳಿಸಿಕೊಂಡು, ಆ ವೇಗವನ್ನು ಕುಗ್ಗಿಸುತ್ತಾ ಹಳೆಯ ಭಂಗಿಯನ್ನೇ ಅಂದಾಜಿನಿಂದ ಮುಂದಕ್ಕೆ ಒಯ್ಯುತ್ತಾರೆ, ಅದಕ್ಕೂ ಹೊಸ ಕ್ಲಿಪ್‌ಗೂ ಕ್ರಾಸ್‌ಫೇಡ್ ಮಾಡುತ್ತಾರೆ. ಹಳೆಯ ಕ್ಲಿಪ್ಪನ್ನು ಇಲ್ಲಿಯೂ ಓದುವುದಿಲ್ಲ. ಅಂದಾಜು ಹದ ತಪ್ಪದಿದ್ದರೆ ಫಲಿತಾಂಶ ಎರಡು ಭಂಗಿಗಳ ನಡುವೆಯೇ ಉಳಿಯುತ್ತದೆ. ಅನ್‌ರಿಯಲ್ ಎಂಜಿನ್‌ನಲ್ಲಿ ಎರಡಕ್ಕೂ ಬೇರೆ ಬೇರೆ ನೋಡ್‌ಗಳಿವೆ.

ಗಿರೀಶ್

ನಾನಾಗಿದ್ದರೆ ಏಳುವ ಕ್ಲಿಪ್ ಒಂದಕ್ಕೆ ಹಳೆಯ ಕ್ರಾಸ್‌ಫೇಡ್ ಇಟ್ಟುಕೊಳ್ಳುತ್ತಿದ್ದೆ. ಏಳುವುದು ಅಪರೂಪ. ಅದಕ್ಕಾಗಿ ಎರಡನೆಯ ವ್ಯವಸ್ಥೆಯೊಂದನ್ನು ಕಟ್ಟಿ ಪರೀಕ್ಷಿಸುವ ಶ್ರಮ ಹೆಚ್ಚು.

ಮುಕುಂದ

ಬಿದ್ದದ್ದು ಕ್ಲಿಪ್‌ನಿಂದಾದರೆ ಒಪ್ಪುತ್ತೇನೆ. ರ‍್ಯಾಗ್‌ಡಾಲ್‌ನಿಂದಾದರೆ ಕ್ರಾಸ್‌ಫೇಡ್ ಮಾಡಲು ಹಳೆಯ ಕ್ಲಿಪ್ಪೇ ಇರುವುದಿಲ್ಲ.

ಚೈತ್ರಾ

ನಮ್ಮದು ರ‍್ಯಾಗ್‌ಡಾಲ್. ಡೆಡ್ ಬ್ಲೆಂಡಿಂಗ್ ಪ್ರಯತ್ನಿಸುತ್ತೇನೆ.

ಸುಹಾಸ್

ಒಂದು ಪ್ರಶ್ನೆ ಬಾಕಿ. ಪಾದವನ್ನು ನೆಲಕ್ಕೆ ಕೂರಿಸುವ ಐಕೆ ಹಂತ ಇನರ್ಷಿಯಲೈಸೇಷನ್ ಆದ ಮೇಲೆ ಬರಬೇಕೋ ಮೊದಲೋ? ಅಂತರ ಕರಗುವಾಗ ಸೊಂಟವೂ ತೊಡೆಯೂ ತಮ್ಮ ಪಾಡಿಗೆ ಚಲಿಸಿ ಪಾದ ಜಾರುತ್ತದೆ.

ಮುಕುಂದ

ನಾನು ಐಕೆಯನ್ನು ನಂತರ ಇಡುತ್ತೇನೆ, ಭಂಗಿಯ ನೆನಪನ್ನು ಐಕೆಗೆ ಮೊದಲು ತೆಗೆಯುತ್ತೇನೆ. ನಂತರದ ಭಂಗಿ ತೆಗೆದರೆ ಐಕೆ ಮಾಡಿದ ತಿದ್ದುಪಡಿಯೂ ಅಂತರದೊಳಗೆ ಸೇರಿ, ಮುಂದಿನ ಫ್ರೇಮ್‌ನಲ್ಲಿ ಐಕೆ ಅದನ್ನು ಮತ್ತೆ ತಿದ್ದಲು ಹೋಗುತ್ತದೆ.

ನಫೀಸಾ

ಆದರೆ ಟ್ರಾನ್ಸಿಷನ್ ಫ್ರೇಮ್‌ನಲ್ಲೇ ಐಕೆ ಆರಿದರೆ? ಮೆಟ್ಟಿಲ ಮೇಲೆ ನಿಂತ ಪಾತ್ರ ಜಿಗಿದಾಗ ನಮ್ಮಲ್ಲಿ ಹಾಗಾಗುತ್ತದೆ. ಐಕೆಯ ತಿದ್ದುಪಡಿ ಅಂತರದಲ್ಲಿ ಇರದಿದ್ದರೆ ಪಾದ ಒಂದೇ ಫ್ರೇಮ್‌ನಲ್ಲಿ ಕೆಳಗೆ ಇಳಿದುಬಿಡುತ್ತದೆ. ಹಾಗಾಗಿ ನಾನು ನಂತರದ ಭಂಗಿಯನ್ನೇ ತೆಗೆಯುತ್ತೇನೆ.

ಮುಕುಂದ

ಐಕೆಯ ತೂಕವನ್ನೇ ನಾಲ್ಕಾರು ಫ್ರೇಮ್‌ಗಳಲ್ಲಿ ಇಳಿಸಿ ನಾನು ಅದನ್ನು ನಿಭಾಯಿಸುತ್ತೇನೆ. ಆದರೆ ಜಿಗಿತದಲ್ಲಿ ಆ ನಾಲ್ಕು ಫ್ರೇಮ್ ಪಾದ ಮೆಟ್ಟಿಲಿಗೆ ಅಂಟಿದಂತೆ ಕಾಣುತ್ತದೆ, ಅದನ್ನು ಅಲ್ಲಗಳೆಯಲಾರೆ. ನಿಮ್ಮ ಕ್ರಮದಲ್ಲಿ ಐಕೆ ಆರದ ಟ್ರಾನ್ಸಿಷನ್‌ಗಳಲ್ಲಿ ಪಾದ ಎಷ್ಟು ಜಾರುತ್ತದೆ ಎಂದು ಅಳೆದಿದ್ದೀರಾ?

ನಫೀಸಾ

ಕಣ್ಣಳತೆಯಲ್ಲಿ ಮಾತ್ರ. ಪಾದದ ಮೂಳೆಯ ಸ್ಥಾನವನ್ನು ಎರಡೂ ಕ್ರಮದಲ್ಲಿ ಫ್ರೇಮ್ ಫ್ರೇಮ್ ಆಗಿ ಬರೆದು ಇಲ್ಲಿ ಹಾಕುತ್ತೇನೆ.